ಶಾಲಾ ಸದನದಲ್ಲಿ ಮೈದಾನದ ಮಸೂದೆ



ಶಾಲೆ ತೆರೆದು ಒಂದೆರಡು ತಿಂಗಳಾಗುವಷ್ಟರಲ್ಲಿ ನಮ್ಮ ರಾಜ್ಯದ ಎಷ್ಟೋ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಮಕ್ಕಳು ಸಾಲಾಗಿ ನಿಂತು ಮತ ಹಾಕುತ್ತಾರೆ, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾರೆ. ಪ್ರಧಾನಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ, ನೀರಾವರಿ ಮಂತ್ರಿ ಎಲ್ಲರೂ ಪ್ರಮಾಣವಚನ ಸ್ವೀಕರಿಸುತ್ತಾರೆ. ಮಾರನೆಯ ದಿನದಿಂದ ಅವರು ಗಿಡಗಳಿಗೆ ನೀರು ಹಾಕಿಸುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಕೈ ತೊಳೆಸುವುದು ಮುಂತಾದ ಕೆಲಸಗಳಲ್ಲಿ ತೊಡಗುತ್ತಾರೆ. ಒಳ್ಳೆಯ ಕೆಲಸಗಳೇ. ಆದರೆ ಆ ವರ್ಷವಿಡೀ ಸಂಸತ್ತು ಎಂಬುದು ಒಂದು ದಿನವೂ ಸೇರುವುದಿಲ್ಲ. ಮಂತ್ರಿಮಂಡಲ ಇರುತ್ತದೆ, ಸದನ ಇರುವುದಿಲ್ಲ. ಮಂತ್ರಿಯನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ಆ ಸದನವನ್ನು ನಿಜಕ್ಕೂ ಕೂಡಿಸುವುದು ಹೇಗೆ ಎಂದು ಇಂದು ಹೇಳುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ನಾನು ಕಂಡದ್ದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತೇನೆ.

ಅಣಕು ಸಂಸತ್ತು ನಮ್ಮ ದೇಶದ ಶಾಲೆಗಳಿಗೆ ಹೊಸದಲ್ಲ. 1962ರಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಖಿಲ ಭಾರತ ಸಚೇತಕರ ಸಮ್ಮೇಳನ, ಶಾಲಾ ಕಾಲೇಜುಗಳಲ್ಲಿ ಇಂಥ ಸಂಸತ್ತುಗಳನ್ನು ನಡೆಸಬೇಕೆಂದು ಶಿಫಾರಸು ಮಾಡಿತು. ಸಚೇತಕರು ಎಂದರೆ ನಾವು ವಿಪ್ ಎನ್ನುತ್ತೇವಲ್ಲ, ಅವರೇ. ಅದರ ಫಲವಾಗಿ ಕೇಂದ್ರದ ಸಂಸದೀಯ ವ್ಯವಹಾರಗಳ ಇಲಾಖೆ 1966-67ರಲ್ಲಿ ದೆಹಲಿಯ ಶಾಲೆಗಳಿಗೆ ಯುವ ಸಂಸತ್ತು ಸ್ಪರ್ಧೆಯನ್ನು ಆರಂಭಿಸಿತು. ಇಂದು ಕೇಂದ್ರೀಯ ವಿದ್ಯಾಲಯಗಳಲ್ಲೂ ನವೋದಯ ವಿದ್ಯಾಲಯಗಳಲ್ಲೂ ಅದು ನಡೆಯುತ್ತಿದೆ. ಸ್ಪರ್ಧೆ ಎಂದ ಮೇಲೆ ಸುಮಾರು ಒಂದು ಗಂಟೆಯಲ್ಲಿ ಎಲ್ಲವನ್ನೂ ತೋರಿಸಬೇಕಾಗುತ್ತದೆ. ಪ್ರಮಾಣವಚನ, ಸಂತಾಪ ಸೂಚನೆ, ಪ್ರಶ್ನೋತ್ತರ, ಮಸೂದೆ, ಗದ್ದಲ, ಸಭಾತ್ಯಾಗ ಎಲ್ಲವೂ ಅಷ್ಟರಲ್ಲೇ ಆಗಬೇಕು. ಹಾಗಾಗಿ ಮಾಸ್ತರು ಮಾತು ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಒಳ್ಳೆಯ ನಾಟಕವಾಗುತ್ತದೆ, ಅಭಿನಯಕ್ಕೆ ಬಹುಮಾನವೂ ಸಿಗುತ್ತದೆ. ನಾನು ಹೇಳಹೊರಟ ಸದನದ ದಾರಿ ಬೇರೆ. ಅಲ್ಲಿ ಮತ ಎಣಿಸಿ ಮುಗಿಯುವವರೆಗೂ ಫಲಿತಾಂಶ ಯಾರಿಗೂ ತಿಳಿದಿರಬಾರದು, ಮೇಷ್ಟರಿಗೂ ತಿಳಿದಿರಬಾರದು.

ಅದಕ್ಕೆ ಮೊದಲು ಬೇಕಾದದ್ದು ಒಂದು ಸರಿಯಾದ ಮಸೂದೆ. ಮಕ್ಕಳನ್ನೇ ಕೇಳಿದರೆ ಭ್ರಷ್ಟಾಚಾರ ನಿರ್ಮೂಲನೆ, ಪ್ಲಾಸ್ಟಿಕ್ ನಿಷೇಧ, ರೈತರ ಸಾಲ ಮನ್ನಾ ಎನ್ನುತ್ತಾರೆ. ಇವುಗಳ ಮೇಲೆ ಮಾತಾಡಿದರೆ ಟೀವಿಯಲ್ಲಿ ಕೇಳಿದ ಮಾತೇ ಮತ್ತೆ ಬರುತ್ತದೆ. ಆ ಮಸೂದೆ ಬಿದ್ದರೂ ಗೆದ್ದರೂ ಶಾಲೆಯಲ್ಲಿ ಏನೂ ಬದಲಾಗುವುದಿಲ್ಲ, ಮಕ್ಕಳಿಗೂ ಅದು ಗೊತ್ತಿರುತ್ತದೆ. ಶಾಲೆಯ ಆಡಳಿತದ ಕೈಯಳತೆಯಲ್ಲಿರುವ ಒಂದು ವಿಷಯ ಬೇಕು. ಅದರಿಂದ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ ಆಗುವಂತಿರಬೇಕು. ಎಲ್ಲರೂ ಒಪ್ಪುವ ವಿಷಯಕ್ಕೆ ವಿರೋಧ ಪಕ್ಷ ಹುಟ್ಟುವುದಿಲ್ಲ, ವಿಪ್‌ಗೆ ಕೆಲಸವಿರುವುದಿಲ್ಲ.

ನಮ್ಮಲ್ಲಿ ಆರಿಸಿಕೊಂಡದ್ದು ಆಟದ ಮೈದಾನ. ಇರುವುದು ಒಂದೇ ಮೈದಾನ. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳೆಲ್ಲರೂ ಅಲ್ಲಿಯೇ ಆಡಬೇಕು. ಹತ್ತನೇ ತರಗತಿಯ ಹುಡುಗರು ನಡುಮೈದಾನದಲ್ಲಿ ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಶುರು ಮಾಡಿದರೆ ಉಳಿದವರು ಕಾಂಪೌಂಡಿನ ಅಂಚಿಗೆ ಸರಿಯಬೇಕು. ಕ್ರೀಡಾ ಮಂತ್ರಿಯಾಗಿದ್ದ ಹುಡುಗ ಇದಕ್ಕೊಂದು ಮಸೂದೆ ಬರೆದ. ಮೈದಾನವನ್ನು ತರಗತಿವಾರು ಹಂಚುವುದು, ಸೋಮವಾರ ಮಂಗಳವಾರ ಎಂಟನೇ ತರಗತಿಗೆ, ಬುಧವಾರ ಗುರುವಾರ ಒಂಬತ್ತಕ್ಕೆ, ಶುಕ್ರವಾರ ಶನಿವಾರ ಹತ್ತಕ್ಕೆ. ಮೇಲ್ನೋಟಕ್ಕೆ ನ್ಯಾಯವಾದ ಹಂಚಿಕೆಯೇ.

ಮಸೂದೆ ಬರೆಯುವುದನ್ನು ಒಂದು ಪುಟಕ್ಕೆ ಸೀಮಿತಗೊಳಿಸಿ. ಮೇಲೆ ಹೆಸರು, ಕೆಳಗೆ ನಾಲ್ಕೈದು ಖಂಡಗಳು, ಕೊನೆಯಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ. ಒಂದನೇ ಖಂಡ ಹೆಸರು ಮತ್ತು ಜಾರಿಗೆ ಬರುವ ದಿನಾಂಕ. ಎರಡನೆಯದು ಪದಗಳ ಅರ್ಥ: ಮೈದಾನ ಎಂದರೆ ಎಲ್ಲಿಂದ ಎಲ್ಲಿಯವರೆಗೆ, ಆಟದ ಅವಧಿ ಎಂದರೆ ಯಾವ ಗಂಟೆ. ಮೂರನೆಯದು ಹಂಚಿಕೆ. ನಾಲ್ಕನೆಯದು ತಪ್ಪಿದರೆ ಏನು ಎಂಬುದು. ಖರ್ಚಿದ್ದರೆ ಅದಕ್ಕೊಂದು ಆರ್ಥಿಕ ಟಿಪ್ಪಣಿ. ಇದರಲ್ಲಿ ಎರಡನೇ ಖಂಡವನ್ನು ಮಕ್ಕಳು ಹಾರಿಸಿಬಿಡುತ್ತಾರೆ, ಹಾರಿಸಲು ಬಿಡಬೇಡಿ. ಆಟದ ಅವಧಿ ಎಂದರೆ ಊಟದ ಬಿಡುವೂ ಸೇರುತ್ತದೆಯೇ, ಸಂಜೆ ಶಾಲೆ ಬಿಟ್ಟ ಮೇಲಿನ ಹೊತ್ತೂ ಸೇರುತ್ತದೆಯೇ ಎಂಬ ಚರ್ಚೆಯಲ್ಲೇ ನಮ್ಮ ಮಕ್ಕಳು ಒಂದು ಪೂರ್ತಿ ಪಿರಿಯಡ್ ಕಳೆದರು. ಅದು ವ್ಯರ್ಥವಾದ ಪಿರಿಯಡ್ ಆಗಿರಲಿಲ್ಲ.

ಇನ್ನು ಸದನ. ನಲವತ್ತು ಸದಸ್ಯರು ಮತ್ತು ಒಬ್ಬ ಸಭಾಧ್ಯಕ್ಷರು. ಸಭಾಧ್ಯಕ್ಷರಾಗಿ ಎಲ್ಲರೂ ಜೋರು ದನಿಯ ಹುಡುಗನನ್ನು ಆರಿಸುತ್ತಾರೆ. ದನಿಗಿಂತ ಎರಡೂ ಕಡೆಯವರು ಯಾರ ತೀರ್ಪನ್ನು ಒಪ್ಪುತ್ತಾರೆ ಎಂಬುದು ಮುಖ್ಯ. ಆದ್ದರಿಂದ ಮೊದಲು ಸಭಾಧ್ಯಕ್ಷರ ಚುನಾವಣೆ ಮಾಡಿ, ಆಮೇಲೆ ಪಕ್ಷ ಹಂಚಿ. ನಮ್ಮಲ್ಲಿ ಆಡಳಿತ ಪಕ್ಷಕ್ಕೆ ಇಪ್ಪತ್ತೆರಡು, ವಿರೋಧ ಪಕ್ಷಕ್ಕೆ ಹದಿನೆಂಟು ಬಂತು. ಬಹುಮತ ಹೀಗೆ ತೆಳ್ಳಗಿರಬೇಕು. ಮೂವತ್ತಕ್ಕೆ ಹತ್ತು ಎಂದು ಹಂಚಿದರೆ ವಿರೋಧ ಪಕ್ಷದ ಮಕ್ಕಳು ಅರ್ಧ ಗಂಟೆಯಲ್ಲಿ ಆಕಳಿಸಲು ಶುರು ಮಾಡುತ್ತಾರೆ. ಮಂತ್ರಿಗಳು ಐದೇ ಜನ ಸಾಕು. ಸದಸ್ಯರಾಗದ ಮಕ್ಕಳಿಗೆ ಸಚಿವಾಲಯದ ಕೆಲಸ, ವರದಿಗಾರರ ಕೆಲಸ, ಮಾರ್ಷಲ್ ಕೆಲಸ ಕೊಡಿ. ವರದಿಗಾರರು ನಿಜವಾಗಿ ಕಲಾಪವನ್ನು ಬರೆದುಕೊಳ್ಳಬೇಕು, ಅದು ಮುಂದೆ ಬಹಳ ಬೇಕಾಗುತ್ತದೆ.

ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಆಸೆಯನ್ನು ಬಿಡಿ. ಸದನ ಎರಡು ಸಲ ಸೇರಲಿ, ನಡುವೆ ಎರಡು ವಾರ ಇರಲಿ. ಮೊದಲ ಬೈಠಕ್ಕಿನಲ್ಲಿ ಪ್ರಶ್ನೋತ್ತರ ಮತ್ತು ಮಸೂದೆಯ ಮಂಡನೆ. ನಡುವಿನ ಎರಡು ವಾರ ಸಮಿತಿಗೆ ಮತ್ತು ವಿಪ್‌ಗೆ. ಎರಡನೇ ಬೈಠಕ್ಕಿನಲ್ಲಿ ಚರ್ಚೆ, ತಿದ್ದುಪಡಿ, ಮತದಾನ.

ಪ್ರಶ್ನೋತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಣಕು ಸಂಸತ್ತು ಸಾಮಾನ್ಯವಾಗಿ ಸುಳ್ಳಾಗುವುದು ಇಲ್ಲಿಯೇ. ಲೋಕಸಭೆಯಲ್ಲಿ ದಿನದ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದ ಉತ್ತರ, ಅದಕ್ಕೆ ಉಪಪ್ರಶ್ನೆ ಇಲ್ಲ. ದಿನಕ್ಕೆ ಇಪ್ಪತ್ತು ಚುಕ್ಕೆ ಗುರುತಿನ ಪ್ರಶ್ನೆ ಪಟ್ಟಿಯಲ್ಲಿರುತ್ತವೆ, ಹದಿನೈದು ದಿನ ಮುಂಚೆಯೇ ಸೂಚನೆ ಹೋಗಿರುತ್ತದೆ. ಪಟ್ಟಿಯಲ್ಲಿದ್ದ ಇಪ್ಪತ್ತೂ ಆ ಒಂದು ಗಂಟೆಯಲ್ಲಿ ಮುಗಿಯುವುದು ಅಪರೂಪ. ಶಾಲೆಯಲ್ಲಿ ನಲವತ್ತು ನಿಮಿಷಕ್ಕೆ ಐದು ಪ್ರಶ್ನೆ ಸಾಕು, ಒಂದು ವಾರ ಮುಂಚೆ ಸೂಚನೆ ಸಾಕು. ಯಾವ ಐದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಮೇಷ್ಟರು ಆರಿಸುವುದು ಬೇಡ.

ಪ್ರಶ್ನೆ ಮಾಹಿತಿ ಕೇಳಬೇಕು, ಭಾಷಣವಾಗಬಾರದು. ಮಂತ್ರಿಯ ಹೊಣೆಯೊಳಗಿನದಾಗಿರಬೇಕು. ಯಾರದೇ ಖಾಸಗಿ ನಡತೆಯನ್ನು ಎತ್ತಬಾರದು. ಇವು ನಿಜವಾದ ಸದನದಲ್ಲೂ ಇರುವ ನಿಯಮಗಳೇ. ಶಾಲೆಯಲ್ಲಿ ಇನ್ನೊಂದನ್ನು ಸೇರಿಸಿ: ಯಾವ ವಿದ್ಯಾರ್ಥಿಯ ಅಂಕ, ಜಾತಿ, ಫೀಜು, ಮನೆಯ ಸ್ಥಿತಿ ಪ್ರಶ್ನೆಯಲ್ಲಿ ಬರಬಾರದು, ಯಾವ ಶಿಕ್ಷಕರ ಹೆಸರೂ ಬರಬಾರದು. ಜೊತೆಗೆ ಮುಖ್ಯೋಪಾಧ್ಯಾಯರ ಹತ್ತಿರ ಮೊದಲೇ ಕೂತು, ಮಂತ್ರಿಗಳಾದ ಮಕ್ಕಳು ಯಾವ ಯಾವ ಪುಸ್ತಕ ನೋಡಬಹುದು ಎಂದು ಪಟ್ಟಿ ಮಾಡಿಸಿಕೊಳ್ಳಿ. ಆಟದ ಸಾಮಗ್ರಿಯ ದಾಸ್ತಾನು ಪುಸ್ತಕ, ಲೈಬ್ರರಿಯ ವಿತರಣಾ ವಹಿ, ನೀರಿನ ಟ್ಯಾಂಕ್ ತೊಳೆದ ದಿನಾಂಕ ಬರೆದಿಟ್ಟ ಪುಸ್ತಕ, ಇಂಥವು. ಈ ಪುಸ್ತಕಗಳು ಸಿಗದಿದ್ದರೆ ಮಂತ್ರಿಗೆ ಕೊಡಲು ಉತ್ತರವೇ ಇರುವುದಿಲ್ಲ, ಕಲ್ಪಿಸಿ ಹೇಳುತ್ತಾನೆ.

ನಮ್ಮಲ್ಲಿ ಬಂದ ಒಂದು ಪ್ರಶ್ನೆ ಹೀಗಿತ್ತು. ಅ: ಕಳೆದ ತಿಂಗಳು ಥ್ರೋಬಾಲ್ ನೆಟ್ಟನ್ನು ಎಷ್ಟು ದಿನ ಕಟ್ಟಲಾಗಿತ್ತು? ಆ: ಕಟ್ಟದಿದ್ದರೆ ಕಾರಣವೇನು? ಕೇಳಿದವಳು ಒಂಬತ್ತನೇ ತರಗತಿಯ ಹುಡುಗಿ. ಕ್ರೀಡಾ ಮಂತ್ರಿ ದಾಸ್ತಾನು ಪುಸ್ತಕ ನೋಡಿಕೊಂಡು ಬಂದಿದ್ದ.

"ಸನ್ಮಾನ್ಯ ಸಭಾಧ್ಯಕ್ಷರೇ, ನಾಲ್ಕು ದಿನ ಕಟ್ಟಲಾಗಿತ್ತು. ನೆಟ್ ಕಂಬ ಅಲುಗಾಡುತ್ತಿರುವುದರಿಂದ ಉಳಿದ ದಿನ ಕಟ್ಟಲು ಸಾಧ್ಯವಾಗಿಲ್ಲ."

"ಮಾನ್ಯ ಸಭಾಧ್ಯಕ್ಷರೇ, ಉಪಪ್ರಶ್ನೆ. ಕಂಬ ಅಲುಗಾಡುತ್ತಿದ್ದರೆ ಆ ನಾಲ್ಕು ದಿನ ಹೇಗೆ ಕಟ್ಟಿದರು?"

ಸದನದಲ್ಲಿ ಒಮ್ಮೆಲೇ ಮೇಜು ಕುಟ್ಟಿದರು. ಮಂತ್ರಿ ಪುಸ್ತಕ ತಿರುವಿದ, ಅದರಲ್ಲಿ ಉತ್ತರ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನ ಸಹಾಯಕ ಒಂದು ಚೀಟಿ ಕಳಿಸಿದ. ಅದನ್ನು ಓದಿ ಮಂತ್ರಿ ಹೇಳಿದ: "ಆ ನಾಲ್ಕು ದಿನ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡ ತಯಾರಾಗುತ್ತಿತ್ತು. ಕಂಬಕ್ಕೆ ಹಗ್ಗ ಬಿಗಿದು ಕಟ್ಟಿದ್ದೆವು. ಕಂಬ ಸರಿಪಡಿಸಲು ಒಂದು ತಿಂಗಳೊಳಗೆ ಕ್ರಮ ಕೈಗೊಳ್ಳುತ್ತೇನೆ."

ಆ ಹುಡುಗಿ ಎರಡನೇ ಉಪಪ್ರಶ್ನೆ ಕೇಳಿದಳು: "ತಂಡಕ್ಕೆ ಹಗ್ಗ ಬಿಗಿದು ಕಟ್ಟಬಹುದಾದರೆ ದಿನವೂ ಆಡುವವರಿಗೆ ಯಾಕೆ ಕಟ್ಟಲಿಲ್ಲ?"

ಮಂತ್ರಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಅದು ನನ್ನ ಗಮನಕ್ಕೆ ಬಂದಿರಲಿಲ್ಲ" ಎಂದ. ಅದು ಸತ್ಯವಾದ ಉತ್ತರ.

ಪ್ರಶ್ನೋತ್ತರ ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇದೇ ಗುರುತು. ಉಪಪ್ರಶ್ನೆ ಮಂತ್ರಿ ಆಗತಾನೇ ಕೊಟ್ಟ ಉತ್ತರದೊಳಗಿಂದ ಹುಟ್ಟಬೇಕು. ಬರೆದು ತಂದ ಉಪಪ್ರಶ್ನೆಗಳಿಗೂ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ಯಾವ ಮಂತ್ರಿಯೂ ಒಮ್ಮೆಯೂ "ಮಾಹಿತಿ ತರಿಸಿ ಕೊಡುತ್ತೇನೆ" ಎನ್ನದಿದ್ದರೆ ಉತ್ತರಗಳು ಮೊದಲೇ ಸಿದ್ಧವಾಗಿದ್ದವು ಎಂದೇ ತಿಳಿಯಬೇಕು. ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆ, ಆಮೇಲೆ ಸಭಾಧ್ಯಕ್ಷರು ಅನುಮತಿ ಕೊಟ್ಟ ಒಬ್ಬಿಬ್ಬರಿಗೆ ಒಂದೊಂದು. ಅಷ್ಟಕ್ಕೆ ನಿಲ್ಲಿಸಬೇಕು.

ಪ್ರಶ್ನೆ ಕೇಳುವ ಹಕ್ಕು ಕೂಡ ಸುಲಭವಾಗಿ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ 1892ರ ಕಾಯ್ದೆಯಿಂದ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿತು, ಉಪಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು 1909ರ ಸುಧಾರಣೆಯಲ್ಲಿ. ನಮ್ಮ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಮಕ್ಕಳಿಗೆ ಇದನ್ನು ಹೇಳಿದರೆ ಉಪಪ್ರಶ್ನೆಯ ಬೆಲೆ ತಾನೇ ತಿಳಿಯುತ್ತದೆ.

ಮೊದಲ ಬೈಠಕ್ಕಿನ ಕೊನೆಗೆ ಮಂತ್ರಿ ಮಸೂದೆ ಮಂಡಿಸಿದ. ಸಭಾಧ್ಯಕ್ಷರು ಅದನ್ನು ಕ್ರೀಡಾ ಸ್ಥಾಯಿ ಸಮಿತಿಗೆ ಒಪ್ಪಿಸಿದರು. ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಬಂದವು, ಈಗ ಇಪ್ಪತ್ತನಾಲ್ಕು ಇವೆ, ಒಂದೊಂದರಲ್ಲೂ ಎರಡೂ ಸದನಗಳಿಂದ ಮೂವತ್ತೊಂದು ಸದಸ್ಯರು. ಶಾಲೆಗೆ ಒಂಬತ್ತು ಜನರ ಒಂದು ಸಮಿತಿ ಸಾಕು: ಐವರು ಆಡಳಿತ ಪಕ್ಷದವರು, ನಾಲ್ವರು ವಿರೋಧ ಪಕ್ಷದವರು. ಮಂತ್ರಿ ಸಮಿತಿಯಲ್ಲಿರಬಾರದು. ಪ್ರೇಕ್ಷಕರೂ ಇರಬಾರದು.

ಈ ಕೊನೆಯ ನಿಯಮದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಸಂಸತ್ತಿನ ಸಮಿತಿಗಳು ಮುಚ್ಚಿದ ಬಾಗಿಲೊಳಗೆ ಸೇರುತ್ತವೆ. ಕಂಡವರು ಇದನ್ನು ಗುಟ್ಟು ಎಂದುಕೊಳ್ಳುತ್ತಾರೆ. ಆದರೆ ನೋಡುವವರಿಲ್ಲದ ಕಡೆ ಸದಸ್ಯರು ಪಕ್ಷದ ಮಾತು ಬಿಟ್ಟು ವಿಷಯಕ್ಕೆ ಬರುತ್ತಾರೆ, ಸಾಕ್ಷಿಗಳೂ ಹೆದರದೆ ಮಾತಾಡುತ್ತಾರೆ. ನಮ್ಮ ಸಮಿತಿ ಲೈಬ್ರರಿ ಕೋಣೆಯಲ್ಲಿ ಮೂರು ಸಲ ಸೇರಿತು. ಮೊದಲು ದೈಹಿಕ ಶಿಕ್ಷಕರನ್ನು ಕರೆದರು. ಮಕ್ಕಳು ಮೇಷ್ಟರನ್ನು ಪಾಟೀಸವಾಲು ಮಾಡುವಂತೆ ಆಗಬಾರದೆಂದು ಪ್ರಶ್ನೆಗಳನ್ನು ಮೊದಲೇ ಬರೆದು ಕೊಟ್ಟಿದ್ದೆವು. ಸಂಸತ್ತಿನ ಸಮಿತಿಗಳೂ ಇಲಾಖೆಗಳಿಗೆ ಪ್ರಶ್ನಾವಳಿ ಕಳಿಸುತ್ತವೆ. ಎರಡನೇ ಸಲ ಹಳ್ಳಿಗಳಿಂದ ಬಸ್ಸಿಗೆ ಬರುವ ಮಕ್ಕಳು. ಶಾಲೆ ಬಿಟ್ಟ ಮೇಲೆ ಮೈದಾನ ಸಿಕ್ಕರೂ ತಮಗೆ ಉಪಯೋಗವಿಲ್ಲ, ಬಸ್ಸು ಕಾಯುವುದಿಲ್ಲ ಎಂದರು. ಆಮೇಲೆ ಸದನದ ಸದಸ್ಯಳಲ್ಲದ ಎಂಟನೇ ತರಗತಿಯ ಒಬ್ಬ ಹುಡುಗಿ ಬಂದಳು. ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿ. ಅವಳು ಹೇಳಿದ್ದಿಷ್ಟೇ: "ಸೋಮವಾರ ನಮ್ಮ ಕ್ಲಾಸಿಗೆ ಅಂತ ಕೊಟ್ಟರೂ ನಮ್ಮ ಕ್ಲಾಸಿನ ಹುಡುಗರೇ ಆಡ್ತಾರೆ. ನಮಗೆ ಯಾವ ವಾರ ಬಂದರೂ ಅಷ್ಟೇ."

ಸಮಿತಿಯ ದಿಕ್ಕು ಅಲ್ಲಿ ತಿರುಗಿತು. ತರಗತಿವಾರು ಹಂಚಿಕೆ ಹತ್ತನೇ ತರಗತಿಯ ಹುಡುಗರ ಹಿಡಿತವನ್ನು ತಪ್ಪಿಸಿ, ಆಯಾ ದಿನ ಆಯಾ ತರಗತಿಯ ಹುಡುಗರಿಗೆ ಮೈದಾನ ಕೊಡುತ್ತಿತ್ತು. ಹುಡುಗಿಯರು ಮಾತ್ರ ಇದ್ದಲ್ಲಿಯೇ ಇರುತ್ತಿದ್ದರು. ಮೂರನೇ ಸಲ ಸೇರಿದಾಗ ಸಮಿತಿ ಟೇಪು ಹಿಡಿದು ಮೈದಾನಕ್ಕೇ ಇಳಿಯಿತು. ಮೈದಾನ ಹೆಚ್ಚುಕಡಿಮೆ ಅರವತ್ತು ಮೀಟರ್ ಉದ್ದ, ನಲವತ್ತು ಮೀಟರ್ ಅಗಲ. ಅಡ್ಡಲಾಗಿ ಸುಣ್ಣದ ಗೆರೆ ಎಳೆದರೆ ಒಂದೊಂದು ಪಾಲು ಮೂವತ್ತಕ್ಕೆ ನಲವತ್ತು. ಥ್ರೋಬಾಲ್ ಅಂಕಣಕ್ಕೆ ಬೇಕಾದದ್ದು 18.30ಕ್ಕೆ 12.20 ಮೀಟರ್, ಖೋಖೋ ಅಂಕಣಕ್ಕೆ 27ಕ್ಕೆ 16. ಎರಡೂ ಒಂದೇ ಪಾಲಿನಲ್ಲಿ ಕೂರುತ್ತವೆ, ಮೇಲೆ ಓಡಾಡಲು ಜಾಗ ಉಳಿಯುತ್ತದೆ. ಉಳಿದದ್ದು ಕ್ರಿಕೆಟ್ ಚೆಂಡಿನ ಪ್ರಶ್ನೆ. ಪಿಚ್ಚನ್ನು ಗೆರೆಯ ಹತ್ತಿರ ಹಾಕಿ, ಬ್ಯಾಟ್ ಹಿಡಿದವರು ಕಾಂಪೌಂಡ್ ಕಡೆಗೆ ಮುಖ ಮಾಡುವಂತೆ ಇಟ್ಟರೆ ಚೆಂಡು ಗೆರೆ ದಾಟುವುದು ಕಡಿಮೆಯಾಗುತ್ತದೆ ಎಂದು ಸಮಿತಿ ಬರೆಯಿತು. ದಿನವೂ ಅರ್ಧ ಮೈದಾನ ಹುಡುಗಿಯರಿಗೆ ಎಂಬುದು ಅದರ ಶಿಫಾರಸು. ಕ್ರಿಕೆಟ್ ತಂಡದ ನಾಯಕನಾಗಿದ್ದ ಸದಸ್ಯ ಇದನ್ನು ಒಪ್ಪದೆ ಭಿನ್ನಮತದ ಟಿಪ್ಪಣಿ ಬರೆದ. ಮೂವತ್ತು ಮೀಟರಿನಲ್ಲಿ ಕ್ರಿಕೆಟ್ ಆಡಲಾಗದು, ಎರಡೂ ಕಡೆಯವರಿಗೆ ಅರ್ಧಂಬರ್ಧ ಆಟವಾಗುತ್ತದೆ ಎಂಬುದು ಅವನ ವಾದ. ಅದೂ ನ್ಯಾಯವಾದ ಮಾತೇ. ವರದಿಯ ಕೊನೆಗೆ ಅದನ್ನು ಹಾಗೆಯೇ ಲಗತ್ತಿಸಿದರು.

ಸ್ಥಾಯಿ ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಮಂತ್ರಿ ತನ್ನ ಮಸೂದೆಯೇ ಸರಿ ಎಂದ. ಆಗ ವಿರೋಧ ಪಕ್ಷ ಸಮಿತಿಯ ಶಿಫಾರಸನ್ನೇ ಮೂರನೇ ಖಂಡಕ್ಕೆ ತಿದ್ದುಪಡಿಯಾಗಿ ತರಲು ಸೂಚನೆ ಕೊಟ್ಟಿತು. ವಿಪ್‌ನ ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ.

ಮಕ್ಕಳಿಗೆ ವಿಪ್ ಎಂದರೆ ಪಕ್ಷದ ಹೆಡ್‌ಮಾಸ್ತರು ಎಂಬ ಕಲ್ಪನೆ ಇರುತ್ತದೆ. ಹೇಳಿದಂತೆ ಮತ ಹಾಕಬೇಕು, ಇಲ್ಲದಿದ್ದರೆ ಶಿಕ್ಷೆ. ಅದಕ್ಕೆ ಕಾರಣವೂ ಇದೆ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿಯಾಗಿ ಹತ್ತನೇ ಅನುಸೂಚಿ ಬಂದಮೇಲೆ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದವರು ಸದಸ್ಯತ್ವ ಕಳೆದುಕೊಳ್ಳಬಹುದು. ಪಕ್ಷ ಹದಿನೈದು ದಿನದೊಳಗೆ ಮನ್ನಿಸಿದರೆ ಮಾತ್ರ ಉಳಿಯಬಹುದು. 1992ರ ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾನೂನನ್ನು ಎತ್ತಿಹಿಡಿಯಿತು. ಆದರೆ ಇಂಥ ಕಟ್ಟಾಜ್ಞೆ ಸರ್ಕಾರದ ಉಳಿವಿಗೆ ಮತ್ತು ಪಕ್ಷದ ಮುಖ್ಯ ನೀತಿಗೆ ಸಂಬಂಧಿಸಿದ ಮತದಾನಕ್ಕೆ ಸೀಮಿತವಾಗಿರುವುದು ಒಳ್ಳೆಯದೆಂಬ ಅಭಿಪ್ರಾಯವನ್ನೂ ಹೇಳಿತು. ನಾವು ಶಾಲೆಯ ನಿಯಮವನ್ನು ಆ ಅಭಿಪ್ರಾಯದ ಮೇಲೆಯೇ ಕಟ್ಟಿದೆವು. ವಿಪ್ ಚೀಟಿಯಲ್ಲಿ ವಾಕ್ಯದ ಕೆಳಗೆ ಒಂದು ಗೆರೆ ಎಳೆದರೆ ಮತದಾನ ಇದೆ ಎಂಬ ತಿಳಿವಳಿಕೆ ಮಾತ್ರ. ಎರಡು ಗೆರೆ ಎಂದರೆ ಕಡ್ಡಾಯವಾಗಿ ಹಾಜರಿರಬೇಕು. ಮೂರು ಗೆರೆ ಎಂದರೆ ಹಾಜರಿದ್ದು ಪಕ್ಷ ಹೇಳಿದಂತೆ ಮತ ಹಾಕಬೇಕು. ಮೂರು ಗೆರೆಯನ್ನು ವಿಶ್ವಾಸಮತಕ್ಕೆ ಮತ್ತು ಮಸೂದೆಯ ಕೊನೆಯ ಮತಕ್ಕೆ ಮಾತ್ರ ಬಳಸಬಹುದು, ಖಂಡಗಳ ತಿದ್ದುಪಡಿಗೆ ಎರಡು ಗೆರೆ ಮೀರಬಾರದು.

ಆಡಳಿತ ಪಕ್ಷದ ಮುಖ್ಯ ಸಚೇತಕಿ ಹತ್ತನೇ ತರಗತಿಯ ಹುಡುಗಿ. ಅವಳು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದಳು: ಖಚಿತ, ಅನುಮಾನ, ಇಲ್ಲ. ಪಕ್ಷದ ಉಳಿದ ಇಪ್ಪತ್ತೊಂದೂ ಜನರನ್ನು ಒಬ್ಬೊಬ್ಬರಾಗಿ ಕಂಡು ಮಾತಾಡಿಸಿದಳು, ಗುಂಪಿನಲ್ಲಿ ಕೇಳಲಿಲ್ಲ. ಗುಂಪಿನಲ್ಲಿ ಎಲ್ಲರೂ ಹೂಂ ಎನ್ನುತ್ತಾರೆ ಎಂಬುದು ಅವಳಿಗೇ ಹೊಳೆದಿತ್ತು. ಇಬ್ಬರು ಹುಡುಗಿಯರು ತಿದ್ದುಪಡಿಯ ಪರ ಮತ ಹಾಕುತ್ತೇವೆ ಎಂದರು. ಇನ್ನೊಬ್ಬಳು ಅನುಮಾನದ ಕಾಲಮ್ಮಿನಲ್ಲಿ.

ಲೆಕ್ಕ ನೋಡಿ. ಇಬ್ಬರು ದಾಟಿದರೆ ಇಪ್ಪತ್ತಕ್ಕೆ ಇಪ್ಪತ್ತು, ಸಮ. ಆಗ ಸಭಾಧ್ಯಕ್ಷರು ನಿರ್ಣಾಯಕ ಮತ ಹಾಕಬೇಕು. ಸಭಾಧ್ಯಕ್ಷರಿಗೆ ಮತ ಸಮವಾದಾಗ ಮಾತ್ರ ಮತ ಇರುತ್ತದೆ. ಅದನ್ನು ಹೇಗೆ ಹಾಕಬೇಕು ಎಂಬುದಕ್ಕೆ ಬ್ರಿಟನ್ನಿನ ಸ್ಪೀಕರ್ ಡೆನಿಸನ್ 1867ರಲ್ಲಿ ಹೇಳಿದ ಒಂದು ಸಂಪ್ರದಾಯವಿದೆ: ಬಹುಮತವಿಲ್ಲದ ಬದಲಾವಣೆಯನ್ನು ಸಭಾಧ್ಯಕ್ಷರ ಒಂದು ಮತ ಮಾಡಿಬಿಡಬಾರದು. ತಿದ್ದುಪಡಿಯ ಮೇಲೆ ಮತ ಸಮವಾದರೆ ಮಸೂದೆ ಇದ್ದಂತೆಯೇ ಉಳಿಯಬೇಕು. ಅಂದರೆ ಸರ್ಕಾರ ಗೆಲ್ಲುತ್ತದೆ. ಆದರೆ ಅನುಮಾನದವಳೂ ದಾಟಿದರೆ ಹತ್ತೊಂಬತ್ತಕ್ಕೆ ಇಪ್ಪತ್ತೊಂದು, ಸರ್ಕಾರಕ್ಕೆ ಸೋಲು. ಆಡಳಿತ ಪಕ್ಷದ ಉಳಿದವರಲ್ಲಿ ಯಾರಾದರೂ ಒಬ್ಬರು ಜ್ವರ ಬಂದು ಮನೆಯಲ್ಲಿ ಉಳಿದರೂ ಹತ್ತೊಂಬತ್ತಕ್ಕೆ ಇಪ್ಪತ್ತು, ಆಗಲೂ ಸೋಲೇ.

ಮುಖ್ಯ ಸಚೇತಕಿ ಆ ಮೂವರನ್ನು ಹೆದರಿಸಲು ಹೋಗಲಿಲ್ಲ. ನೋಟ್‌ಬುಕ್ಕನ್ನು ಹಿಡಿದು ಮಂತ್ರಿಯ ಹತ್ತಿರ ಹೋದಳು. "ನಿನ್ನ ಮಸೂದೆ ಹೀಗೇ ಇದ್ದರೆ ನಾಳೆ ಬೀಳಬಹುದು, ನೋಡು" ಎಂದಳು. ಸಚೇತಕರು ನಾಯಕರ ಆಜ್ಞೆಯನ್ನು ಕೆಳಗೆ ಮುಟ್ಟಿಸುವಷ್ಟೇ ಸದಸ್ಯರ ಮನಸ್ಸನ್ನು ಮೇಲಕ್ಕೆ ಮುಟ್ಟಿಸುತ್ತಾರೆ. ಸಂಸತ್ತುಗಳಲ್ಲಿ ಸರ್ಕಾರಗಳು ಎಷ್ಟೋ ಸಲ ಮತಕ್ಕೆ ಮುಂಚೆಯೇ ಬಾಗುವುದು ಈ ಎಣಿಕೆಯನ್ನು ನೋಡಿ. ಮಂತ್ರಿ ಆ ಸಂಜೆಯೇ ಸರ್ಕಾರದ ಕಡೆಯಿಂದ ತನ್ನದೇ ತಿದ್ದುಪಡಿ ಬರೆದ: ಮಂಗಳವಾರ, ಗುರುವಾರ, ಶನಿವಾರ ಅರ್ಧ ಮೈದಾನ ಹುಡುಗಿಯರಿಗೆ, ಅದರ ಸುಣ್ಣದ ಪುಡಿಯ ಖರ್ಚು ಕ್ರೀಡಾ ನಿಧಿಯಿಂದ, ಉಳಿದ ದಿನ ತರಗತಿವಾರು.

ಎರಡನೇ ಬೈಠಕ್ಕು ಎರಡೂವರೆ ಗಂಟೆ ನಡೆಯಿತು. ಖಂಡಗಳನ್ನು ಒಂದೊಂದಾಗಿ ಮತಕ್ಕೆ ಹಾಕಬೇಕು, ಒಟ್ಟಿಗೆ ಹಾಕಬಾರದು. ವಿರೋಧ ಪಕ್ಷದ ತಿದ್ದುಪಡಿ ಮೊದಲು ಬಂತು. ಸಭಾಧ್ಯಕ್ಷರು "ಪರವಾಗಿರುವವರು ಹೌದು ಎನ್ನಿ, ವಿರುದ್ಧವಾಗಿರುವವರು ಇಲ್ಲ ಎನ್ನಿ" ಎಂದರು. ಎರಡೂ ಕಡೆ ಕಿವಿ ಗಡಚಿಕ್ಕುವಷ್ಟು ಕೂಗಿದರು. ಧ್ವನಿಮತದಲ್ಲಿ ಗೊತ್ತಾಗದೆ ಮತವಿಭಜನೆ ಕೇಳಿದರು. ಪರವಾಗಿರುವವರು ಬಲಗಡೆಯ ಬಾಗಿಲಿಂದ, ವಿರುದ್ಧವಾಗಿರುವವರು ಎಡಗಡೆಯ ಬಾಗಿಲಿಂದ ಹೊರಗೆ ಹೋಗುವಾಗ ಸಚಿವಾಲಯದ ಮಕ್ಕಳು ಎಣಿಸಿದರು. ಹತ್ತೊಂಬತ್ತು ಪರ, ಇಪ್ಪತ್ತೊಂದು ವಿರುದ್ಧ. ಸರ್ಕಾರದ ತಿದ್ದುಪಡಿಯಿಂದ ಇಬ್ಬರು ಸಮಾಧಾನಗೊಂಡಿದ್ದರು, ಒಬ್ಬಳು ಮಾತ್ರ ದಾಟಿದಳು. ಎರಡು ಗೆರೆಯ ವಿಪ್ ಆದ್ದರಿಂದ ಅವಳು ಯಾವ ನಿಯಮವನ್ನೂ ಮುರಿಯಲಿಲ್ಲ. ದಿನವೂ ಅರ್ಧ ಮೈದಾನ ನ್ಯಾಯವಾಗಿ ನಮ್ಮದು, ಮೂರು ದಿನ ಎಂದರೆ ಉಪಕಾರ ಮಾಡಿದಂತೆ ಎಂದು ಅವಳು ಸದನದಲ್ಲಿ ಹೇಳಿದ್ದನ್ನು ವರದಿಗಾರರು ಅಕ್ಷರಶಃ ಬರೆದುಕೊಂಡಿದ್ದಾರೆ. ಆಮೇಲೆ ಸರ್ಕಾರದ ತಿದ್ದುಪಡಿ, ಮಸೂದೆ ಎರಡೂ ಅಂಗೀಕಾರವಾದವು.

ಗದ್ದಲವೂ ಆಯಿತು. ಇಬ್ಬರು ಹುಡುಗರು ಮಸೂದೆಯ ಪ್ರತಿ ಹರಿದು ಸದನದ ಬಾವಿಗೆ ಇಳಿದರು. ಅಂಥ ಹೊತ್ತಿನಲ್ಲಿ ಮೇಷ್ಟರು ಎದ್ದು ಗದರಿಸಬೇಡಿ. ಸಭಾಧ್ಯಕ್ಷರು ನಿಂತರೆ ಎಲ್ಲರೂ ಕೂರಬೇಕು ಎಂಬ ಒಂದೇ ನಿಯಮ ಅವರ ಕೈಯಲ್ಲಿದ್ದರೆ ಸಾಕು. ನಮ್ಮ ಸಭಾಧ್ಯಕ್ಷಳು ಎದ್ದು ನಿಂತಳು, ಒಂದು ನಿಮಿಷ ಮಾತಾಡದೆ ನಿಂತೇ ಇದ್ದಳು, ಸದನ ಕೂತಿತು. ಇದನ್ನು ಮೊದಲೇ ಅಭ್ಯಾಸ ಮಾಡಿಸಬಹುದು. ಇಡೀ ಸದನದಲ್ಲಿ ಅಭ್ಯಾಸ ಮಾಡಿಸಬೇಕಾದದ್ದು ಅದೊಂದೇ.

ಅಂಗೀಕಾರವಾದ ಮಸೂದೆ ಅಂಕಿತಕ್ಕೆ ಹೋಗಬೇಕು. ಶಾಲೆಯಲ್ಲಿ ಆ ಸ್ಥಾನ ಮುಖ್ಯೋಪಾಧ್ಯಾಯರದು. ಅವರು ಸಹಿ ಹಾಕಬಹುದು, ಇಲ್ಲವೇ ಕಾರಣ ಬರೆದು ಹಿಂದಕ್ಕೆ ಕಳಿಸಬಹುದು. ಎರಡನ್ನೂ ಮಾಡದೆ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಎರಡು ವಾರದ ಗಡುವು. ಸದನ ಕೂಡುವ ಮೊದಲೇ ಅವರಿಂದ ಈ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಇದಕ್ಕೆ ಒಪ್ಪದ ಶಾಲೆಯಲ್ಲಿ ಈ ಯೋಜನೆಯನ್ನು ಕೈಗೆತ್ತಿಕೊಳ್ಳದಿರುವುದೇ ಮೇಲು, ಏಕೆಂದರೆ ಮಕ್ಕಳು ತಿಂಗಳುಗಟ್ಟಲೆ ದುಡಿದು ಮಾಡಿದ ಕಾನೂನಿಗೆ ಉತ್ತರವೇ ಬಾರದಿದ್ದರೆ ಅವರು ಸದನದ ಬಗ್ಗೆ ಕಲಿಯುವ ಪಾಠ ಕೆಟ್ಟದಾಗಿರುತ್ತದೆ. ಸದನ ಎರಡನೇ ಸಲ ಅದನ್ನೇ ಅಂಗೀಕರಿಸಿದರೆ ಮುಖ್ಯೋಪಾಧ್ಯಾಯರು ಒಪ್ಪಬೇಕು. ಮಕ್ಕಳ ಸುರಕ್ಷತೆ, ಹಣ ಮತ್ತು ವೇಳಾಪಟ್ಟಿಯ ವಿಷಯದಲ್ಲಿ ಮಾತ್ರ ಅವರ ಮಾತೇ ಕೊನೆ. ಆ ಮೂರಕ್ಕೆ ಇಲಾಖೆಗೂ ಪೋಷಕರಿಗೂ ಉತ್ತರ ಕೊಡಬೇಕಾದವರು ಅವರೇ. ನಮ್ಮ ಮುಖ್ಯೋಪಾಧ್ಯಾಯಿನಿ ಮಸೂದೆಯನ್ನು ಒಮ್ಮೆ ಹಿಂದಕ್ಕೆ ಕಳಿಸಿದರು. ಶನಿವಾರ ಅರ್ಧ ದಿನದ ಶಾಲೆ, ಸಾಮೂಹಿಕ ಕವಾಯತಿಗೆ ಇಡೀ ಮೈದಾನ 
ಬೇಕು ಎಂದು ಬರೆದರು. ಸದನ ಶನಿವಾರದ ಬದಲು ಶುಕ್ರವಾರ ಎಂದು ತಿದ್ದಿತು, ಅಂಕಿತ ಬಿತ್ತು.

ಶಾಲೆಯ ಆಡಳಿತದ ಕೈಮೀರಿದ ಬೇಡಿಕೆಗಳೂ ಚರ್ಚೆಯಲ್ಲಿ ಬರುತ್ತವೆ. ಮೈದಾನದ ಪಕ್ಕದ ಚರಂಡಿ, ಬಸ್ಸಿನ ಸಮಯ. ಅವನ್ನು ಮಸೂದೆಗೆ ಸೇರಿಸಬೇಡಿ, ನಿರ್ಣಯವಾಗಿ ಬರೆದು ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಒಯ್ಯಿರಿ. ಅಲ್ಲಿ ಉತ್ತರ ಕೊಡಬೇಕಾದವರು ಎದುರಿಗೇ ಕೂತಿರುತ್ತಾರೆ.

ಕೊನೆಯದಾಗಿ ಭರವಸೆಗಳ ಸಮಿತಿ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತುಗಳನ್ನು ಹಿಂಬಾಲಿಸಲು ಲೋಕಸಭೆ 1953ರಲ್ಲೇ ಇಂಥ ಸಮಿತಿಯನ್ನು ಮಾಡಿಕೊಂಡಿತು, ಮಾತು ಈಡೇರಿಸಲು ಮೂರು ತಿಂಗಳ ಅವಧಿ ಇಟ್ಟಿತು. ಶಾಲೆಯಲ್ಲಿ ಮೂರು ಮಕ್ಕಳು ಸಾಕು, ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಕೊಡಿ. ವರದಿಗಾರರು ಬರೆದ ಕಲಾಪವನ್ನು ಓದಿ "ಕ್ರಮ ಕೈಗೊಳ್ಳುತ್ತೇನೆ", "ಪರಿಶೀಲಿಸುತ್ತೇನೆ", "ಮಾಹಿತಿ ತರಿಸುತ್ತೇನೆ" ಎಂಬ ಮಾತುಗಳಿಗೆಲ್ಲ ಅಡಿಗೆರೆ ಹಾಕಿ ಪಟ್ಟಿ ಮಾಡಬೇಕು. ನಮ್ಮ ಪಟ್ಟಿಯಲ್ಲಿ ಏಳು ಭರವಸೆಗಳು ಬಂದವು. ಒಂದು ತಿಂಗಳ ನಂತರ ಸಮಿತಿ ವರದಿ ಕೊಟ್ಟಿತು: ನಾಲ್ಕು ಈಡೇರಿವೆ, ಎರಡು ಬಾಕಿ, ಒಂದನ್ನು ಮಂತ್ರಿ ಕೈಬಿಡಲು ಅನುಮತಿ ಕೋರಿದ್ದಾರೆ. ಬಾಕಿ ಉಳಿದವುಗಳಲ್ಲಿ ಥ್ರೋಬಾಲ್ ಕಂಬವೂ ಒಂದು. ಬುಡಕ್ಕೆ ಕಾಂಕ್ರೀಟ್ ಹಾಕಬೇಕು, ಅದಕ್ಕೆ ಎಸ್‌ಡಿಎಂಸಿ ಸಭೆಯ ಒಪ್ಪಿಗೆ ಬೇಕು ಎಂದು ಮಂತ್ರಿ ಬರಹದಲ್ಲಿ ಉತ್ತರ ಕೊಟ್ಟ. ಆ ಒಂಬತ್ತನೇ ತರಗತಿಯ ಹುಡುಗಿ ಮುಂದಿನ ಅಧಿವೇಶನಕ್ಕೆ ಪ್ರಶ್ನೆಯ ಸೂಚನೆ ಕೊಟ್ಟಾಗಿದೆ: ಎಸ್‌ಡಿಎಂಸಿ ಸಭೆಗೆ ಈ ವಿಷಯವನ್ನು ಯಾವ ದಿನಾಂಕದಂದು ಕಳಿಸಲಾಯಿತು, ಅಲ್ಲಿಯವರೆಗೆ ನೆಟ್ಟನ್ನು ಹಗ್ಗ ಬಿಗಿದು ದಿನವೂ ಕಟ್ಟಲಾಗುತ್ತಿದೆಯೇ?